ಮೊತ್ತ ಬರೆಯುವವರು ಯಾರು?

ಬೆಳಗಿನ ಲೋಕಲ್ ಹಿಡಿಯುವ ಬದಲಾಪುರದವರು ಹತ್ತು ನಿಮಿಷದೊಳಗೆ ಎರಡು ಬಗೆಯಲ್ಲಿ ದುಡ್ಡು ಕೊಡುತ್ತಾರೆ. ಮಧ್ಯ ರೈಲ್ವೆಯ ಎಷ್ಟೋ ಟಿಕೆಟ್ ಕಿಟಕಿಗಳ ಹೊರಗೆ ಈಗ ಒಂದು ಪುಟ್ಟ ಪರದೆ ಇರುತ್ತದೆ. ಒಳಗಿನ ಗುಮಾಸ್ತರು ಊರಿನ ಹೆಸರು ಒತ್ತಿದ ಕೂಡಲೇ ಅದರಲ್ಲಿ ಕಪ್ಪು-ಬಿಳುಪಿನ ಕೋಡ್ ಮೂಡುತ್ತದೆ. ಫೋನ್ ಹಿಡಿದರೆ ಟಿಕೆಟ್ಟಿನ ದರ ತಾನಾಗಿಯೇ ಬಂದು ಕೂತಿರುತ್ತದೆ, ಪಿನ್ ಒತ್ತುವುದಷ್ಟೇ ಬಾಕಿ. ಮೆಟ್ಟಿಲಿಳಿದು ವಡಾಪಾವ್ ಗಾಡಿಯ ಮುಂದೆ ನಿಂತರೆ ಅಲ್ಲಿ ಅಂಟಿಸಿರುವುದು ಎಣ್ಣೆ ಹತ್ತಿದ ಸ್ಟಿಕ್ಕರು. ಅದಕ್ಕೆ ಫೋನ್ ಹಿಡಿದರೆ ಗಾಡಿಯವನ ಹೆಸರು ಬರುತ್ತದೆ, ಮೊತ್ತದ ಜಾಗ ಖಾಲಿ. ಇಪ್ಪತ್ತು ಎಂದು ಒತ್ತಬೇಕಾದವರು ಗಿರಾಕಿಗಳೇ.

ಎರಡೂ ಕಡೆ ಆ್ಯಪ್ ಅದೇ, ಬ್ಯಾಂಕ್ ಖಾತೆ ಅದೇ, ಪಿನ್ ಕೂಡ ಅದೇ. ಹಣ ಹರಿಯುವ ದಾರಿಯೂ 2016ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, ಶುರುಮಾಡಿದ ಯುಪಿಐ. ಬದಲಾಗುವುದು ಅಂಕಿ ಬರೆಯುವ ಕೈ. ಕೋಡ್ ಸ್ಕ್ಯಾನ್ ಮಾಡಿ ಮೊತ್ತ ಒತ್ತುವಾಗ ಬರೆಯುವವರು ಕೊಡುವವರು. ಮೊತ್ತ ತುಂಬಿಸಿಕೊಂಡೇ ಬರುವ ಲಿಂಕಿನಲ್ಲಿ ಬರೆಯುವವರು ಪಡೆಯುವವರು. ಇಷ್ಟೇ ತಾನೆ, ನಾಲ್ಕು ಅಂಕಿ ಒತ್ತುವ ಶ್ರಮ ಉಳಿಯಿತು ಎಂದುಕೊಂಡರೆ ವಿಷಯ ಅಲ್ಲಿಗೇ ಮುಗಿಯುತ್ತದೆ. ಆದರೆ ಲೆಕ್ಕ ಯಾರು ಹೊಂದಿಸಬೇಕು, ತಪ್ಪು ಎಲ್ಲಿ ನುಸುಳುತ್ತದೆ, ಮೋಸಗಾರ ಎಲ್ಲಿ ಕಾಯುತ್ತಾನೆ ಎಂಬುದೆಲ್ಲ ಆ ಒಂದು ವ್ಯತ್ಯಾಸದಿಂದಲೇ ಬದಲಾಗುತ್ತದೆ.

ಮೊದಲು ಕೋಡಿನ ಒಳಗೆ ಏನಿದೆ ನೋಡೋಣ. ಗಾಡಿಯ ಮೇಲಿನ ಸ್ಟಿಕ್ಕರಿನ ಚೌಕಗಳನ್ನು ಅಕ್ಷರಕ್ಕೆ ಇಳಿಸಿದರೆ ಸಿಗುವುದು ಹೆಚ್ಚುಕಡಿಮೆ ಇಂಥದೊಂದು ಸಾಲು:

```
upi://pay?pa=society@bank&pn=Society&cu=INR
```

`pa` ಎಂದರೆ ಹಣ ಸೇರಬೇಕಾದ ವಿಳಾಸ, `pn` ಎಂದರೆ ಹೆಸರು, `cu` ಎಂದರೆ ಯಾವ ನಾಣ್ಯ. ಮೊತ್ತದ ಮಾತೇ ಇಲ್ಲ. ಆದ್ದರಿಂದಲೇ ಆ್ಯಪ್ ಖಾಲಿ ಜಾಗ ತೋರಿಸಿ ಕಾಯುತ್ತದೆ. ಮೊತ್ತ ಸೇರಿಸಿದ ಕೋರಿಕೆ ಹೀಗಿರುತ್ತದೆ:

```
upi://pay?pa=society@bank&pn=Society&am=2350.00
&cu=INR&tr=B2040425&tn=B204-April
```

(ಇಲ್ಲಿ ಜಾಗ ಸಾಲದೆ ಎರಡು ಸಾಲಾಗಿದೆ, ನಿಜದಲ್ಲಿ ಒಂದೇ ಸಾಲು.) ಹೊಸದಾಗಿ ಬಂದವು ಮೂರು. `am` ಮೊತ್ತ. ಅದು ಇದ್ದರೆ ಆ್ಯಪ್ ಆ ಅಂಕಿಯನ್ನು ತಿದ್ದಲು ಬಿಡಬಾರದು ಎಂಬುದು ನಿಯಮ. `tn` ಎಂಬುದು ಷರಾ. `tr` ಎಂಬುದು ಪಡೆಯುವವರು ತಮ್ಮ ಲೆಕ್ಕಕ್ಕಾಗಿ ಇಟ್ಟುಕೊಂಡ ಗುರುತಿನ ಸಂಖ್ಯೆ, ಬಿಲ್ಲಿನ ನಂಬರು ಎನ್ನಿ. ಎಲ್ಲರ ಕಣ್ಣು ಹೋಗುವುದು `am` ಕಡೆಗೆ, ಆದರೆ ನಿಜವಾದ ಕೆಲಸ ಮಾಡುವುದು `tr`. ಹೇಗೆಂದು ತಿಳಿಯಲು ಇದು ಬೇಕಾಗದ ಜಾಗಕ್ಕೂ ಬೇಕೇಬೇಕಾದ ಜಾಗಕ್ಕೂ ಒಮ್ಮೆ ಹೋಗಿಬರಬೇಕು.

ಬೇಕಾಗದ ಜಾಗವೆಂದರೆ ಹೋಟೆಲಿನ ಗಲ್ಲಾ. ಠಾಣೆಯಿಂದ ಡೊಂಬಿವಲಿ, ಕಲ್ಯಾಣದವರೆಗೂ ಕರಾವಳಿಯವರ ಉಡುಪಿ ಹೋಟೆಲುಗಳು ಹಬ್ಬಿವೆ. ಇಡ್ಲಿ-ವಡೆ ತಿಂದವರು ಬಿಲ್ಲು ಹಿಡಿದು ಗಲ್ಲಾಕ್ಕೆ ಬರುತ್ತಾರೆ, ಗಾಜಿನ ಮೇಲಿನ ಕೋಡ್ ಸ್ಕ್ಯಾನ್ ಮಾಡುತ್ತಾರೆ, ಬಿಲ್ಲು ನೋಡಿಕೊಂಡು 145 ಎಂದು ಒತ್ತುತ್ತಾರೆ. ಪಕ್ಕದ ಪೆಟ್ಟಿಗೆ ಮರಾಠಿಯಲ್ಲೋ ಹಿಂದಿಯಲ್ಲೋ ಮೊತ್ತ ಕೂಗಿ ಹೇಳುತ್ತದೆ. ಗಲ್ಲಾದಲ್ಲಿ ಕೂತವರು ತಲೆ ಎತ್ತದೆ ಬಿಲ್ಲನ್ನು ಮುಳ್ಳಿಗೆ ಚುಚ್ಚುತ್ತಾರೆ. ಇಲ್ಲಿ ಹೊಂದಿಕೆ ಅಲ್ಲಿಂದಲ್ಲಿಗೇ ಆಗಿಹೋಯಿತು: ಬಿಲ್ಲು ಕಣ್ಣ ಮುಂದೆ, ಮನುಷ್ಯ ಕಣ್ಣ ಮುಂದೆ, ಮೊತ್ತ ಕಿವಿಗೆ ಬಿತ್ತು. 145ರ ಬದಲು 14 ಬಂದರೆ ಆಗಲೇ ಗೊತ್ತಾಗುತ್ತದೆ. ಯಾರ ದುಡ್ಡು, ಯಾವ ಬಿಲ್ಲಿಗೆ ಎಂದು ರಾತ್ರಿ ಕೂತು ಹುಡುಕಬೇಕಾಗಿಲ್ಲ. ದಿನದ ಒಟ್ಟು ಮೊತ್ತ ಕೂಡಿಬಂದರೆ ಸಾಕು. ಇಂಥ ಕಡೆ ಪ್ರತಿ ಬಿಲ್ಲಿಗೂ ಹೊಸ ಕೋಡ್ ಮೂಡಿಸುವ ಯಂತ್ರ ಇಟ್ಟರೆ ಅಂದ ಹೆಚ್ಚಬಹುದು, ಆದರೆ ಸಾಲು ಬೇಗ ಕರಗುತ್ತದೆ ಎನ್ನುವಂತಿಲ್ಲ.

ಬೇಕೇಬೇಕಾದ ಜಾಗ ಹೌಸಿಂಗ್ ಸೊಸೈಟಿ. ಮುಂಬಯಿಯ ಬಾಡಿಗೆ, ಆಮೇಲೆ ಡೊಂಬಿವಲಿಯ ಬೆಲೆ ಕೈಗೆಟುಕದೆ ಹಳಿಯ ಗುಂಟ ಮುಂದೆ ಸರಿದ ಎಷ್ಟೋ ಕುಟುಂಬಗಳಿಗೆ ಸ್ವಂತ ಮನೆ ಸಿಕ್ಕಿದ್ದು ಬದಲಾಪುರದಲ್ಲಿ. ಕನ್ನಡಿಗರ ಮನೆಗಳೂ ಅವುಗಳಲ್ಲಿ ಸಾಕಷ್ಟಿವೆ. ನಾಲ್ಕು ಮಹಡಿ, ಎರಡು ವಿಂಗು, 48 ಮನೆಗಳ ಒಂದು ಸೊಸೈಟಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ತಿಂಗಳ ಮೇಂಟೆನೆನ್ಸ್ ಮನೆಗೆ ₹2,350, ಅದರಲ್ಲಿ ಸೇವಾ ಶುಲ್ಕದ ಪಾಲು ₹1,500 ಎಂದಿರಲಿ. ಮಹಾರಾಷ್ಟ್ರದ ನಿಯಮದಂತೆ ಮಾಲೀಕರು ತಾವಿರದೆ ಬಾಡಿಗೆಗೆ ಕೊಟ್ಟಿದ್ದರೆ ಸೇವಾ ಶುಲ್ಕದ ಶೇ. 10ರವರೆಗೆ ಹೆಚ್ಚುವರಿ ವಸೂಲು ಮಾಡಬಹುದು. ಅಂಥ 18 ಮನೆಗಳಿಗೆ ₹150 ಸೇರಿ ₹2,500 ಆಗುತ್ತದೆ. ಉಳಿದ 30 ಮನೆಗಳಿಗೆ ₹2,350. ತಿಂಗಳಿಗೆ ಬರಬೇಕಾದ್ದು ₹1,15,500.

ನೋಟಿಸ್ ಬೋರ್ಡಿನಲ್ಲಿ ಸೊಸೈಟಿ ಖಾತೆಯ ಒಂದು ಕೋಡ್ ಅಂಟಿಸಿದ್ದಾರೆ. ಜನ ಸ್ಕ್ಯಾನ್ ಮಾಡಿ ಮೊತ್ತ ಒತ್ತುತ್ತಾರೆ. ಹಣ ಬರುತ್ತದೆ, ಆ ಬಗ್ಗೆ ಅನುಮಾನವಿಲ್ಲ. ಆದರೆ ತಿಂಗಳ ಕೊನೆಗೆ ಖಜಾಂಚಿ ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆದರೆ ಕಾಣುವುದು ₹2,350ರ ಉದ್ದನೆಯ ಸಾಲು. ಪ್ರತಿಯೊಂದರ ಮುಂದೆ 12 ಅಂಕಿಯ ವ್ಯವಹಾರ ಸಂಖ್ಯೆ, ಅರ್ಧಕ್ಕೆ ತುಂಡಾದ ಒಂದು ಹೆಸರು. ಬಿ-204 ಇರುವುದು ಗಂಡನ ಹೆಸರಿನಲ್ಲಿ, ದುಡ್ಡು ಬಂದಿರುವುದು ಹೆಂಡತಿಯ ಖಾತೆಯಿಂದ. ಎ-103ರ ಬಾಡಿಗೆದಾರ ತನ್ನ ತಮ್ಮನ ಫೋನಿನಿಂದ ಕಟ್ಟಿದ್ದಾನೆ. ಒಬ್ಬರು ಎರಡು ತಿಂಗಳಿನದ್ದು ಸೇರಿಸಿ ₹4,700 ಹಾಕಿದ್ದಾರೆ, ಇನ್ನೊಬ್ಬರು ಚಿಲ್ಲರೆ ರಗಳೆ ಬೇಡವೆಂದು ₹2,400. ಷರಾದ ಜಾಗದಲ್ಲಿ ಏನೂ ಇಲ್ಲ, ಇದ್ದರೂ ‘ಮೇಂಟೆನೆನ್ಸ್’ ಎಂಬ ಒಂದೇ ಪದ. ಅದು ಖಜಾಂಚಿಗೆ ಮೊದಲೇ ಗೊತ್ತಿದ್ದ ವಿಷಯ. ಹಾಗಾಗಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಕಟ್ಟಿದವರು ದಯವಿಟ್ಟು ಸ್ಕ್ರೀನ್‌ಶಾಟ್ ಹಾಕಿ’ ಎಂಬ ಸಂದೇಶ ಬೀಳುತ್ತದೆ. ಸಂಬಳವಿಲ್ಲದ ಖಜಾಂಚಿಯ ಭಾನುವಾರ ಹೀಗೆ ಕಳೆದುಹೋಗುತ್ತದೆ.

ಇಲ್ಲಿ ತೊಂದರೆ ಮೊತ್ತದ್ದಲ್ಲ ಎಂಬುದನ್ನು ಗಮನಿಸಬೇಕು. 48 ಜನರೂ ಒಂದು ಪೈಸೆ ತಪ್ಪದೆ ಒತ್ತಿದ್ದರೂ ಯಾವ ₹2,350 ಯಾವ ಮನೆಯದು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಮೊತ್ತ ತುಂಬಿದ ಕೋರಿಕೆಯನ್ನು ಮನೆಮನೆಗೆ ಬೇರೆಯಾಗಿ ಮಾಡಿದಾಗ ಜೊತೆಯಲ್ಲಿ ಹೋಗುವ ಗುರುತಿನ ಸಂಖ್ಯೆ ಈ ಗಂಟು ಬಿಡಿಸುತ್ತದೆ. ತಮ್ಮನ ಫೋನಿನಿಂದ ಕಟ್ಟಲಿ, ಊರಿನಲ್ಲಿರುವ ಅಳಿಯ ಕಟ್ಟಲಿ, `B2040425` ಎಂಬ ಗುರುತು ಹಣದ ಜೊತೆಗೇ ಮರಳಿ ಬರುತ್ತದೆ.

ಈ ಗುರುತಿಗೆ ಬಡವರ ದಾರಿಯೊಂದಿದೆ, ಜಾಣತನದ್ದು. ಯುಪಿಐ ಮೊತ್ತ ಎರಡು ದಶಮಾಂಶದವರೆಗೆ ಹೋಗುತ್ತದೆ. ಮನೆಗಳಿಗೆ 1ರಿಂದ 48ರವರೆಗೆ ಕ್ರಮಸಂಖ್ಯೆ ಕೊಟ್ಟು ಅದನ್ನೇ ಪೈಸೆಯಾಗಿ ಸೇರಿಸಿದರೆ 17ನೇ ಮನೆಯದು ₹2,350.17, 31ನೆಯದು ₹2,350.31. ಸ್ಟೇಟ್‌ಮೆಂಟಿನಲ್ಲಿ ಪೈಸೆ ನೋಡಿದರೆ ಮನೆ ಗೊತ್ತಾಯಿತು. ಒಂದು ರೂಪಾಯಿ ಖರ್ಚಿಲ್ಲ, ಯಾವ ಕಂಪನಿಯ ಹಂಗೂ ಇಲ್ಲ. ಆದರೆ ಬೋರ್ಡಿನ ಕೋಡ್ ಸ್ಕ್ಯಾನ್ ಮಾಡಿ ಕೈಯಲ್ಲಿ ಒತ್ತುವವರು ಪೈಸೆ ಮರೆಯುತ್ತಾರೆ. ಮೊದಲ ತಿಂಗಳು 40 ಮನೆ ಸರಿಯಾಗಿ ಹಾಕಿದರೆ ಮೂರನೇ ತಿಂಗಳಿಗೆ ಅದು ಅರ್ಧಕ್ಕಿಳಿದರೂ ಆಶ್ಚರ್ಯವಿಲ್ಲ. ಪೈಸೆ ಸಮೇತ ತುಂಬಿದ ಲಿಂಕನ್ನೋ ಕೋಡನ್ನೋ ಮನೆಗೊಂದರಂತೆ ಕೊಟ್ಟಾಗ ಮಾತ್ರ ಈ ಉಪಾಯ ನಿಲ್ಲುತ್ತದೆ.

ಮೊತ್ತ ತುಂಬಿದ ಕೋರಿಕೆ ಎಂಬ ಒಂದೇ ಮಾತಿನಡಿ ಜನ ಮೂರು ಬೇರೆ ವಸ್ತುಗಳನ್ನು ಸೇರಿಸಿ ಮಾತಾಡುತ್ತಾರೆ. ಗೊಂದಲ ಹುಟ್ಟುವುದೂ ಅಲ್ಲೇ.

ಒಂದು, ಆ್ಯಪಿನೊಳಗಿನ ‘ಕಲೆಕ್ಟ್ ರಿಕ್ವೆಸ್ಟ್’. ಪಡೆಯುವವರು ಕೊಡುವವರ ಯುಪಿಐ ವಿಳಾಸ ಹಾಕಿ ಮೊತ್ತ ಬರೆದು ಕಳಿಸುತ್ತಾರೆ. ಎದುರಿನವರ ಫೋನಿನಲ್ಲಿ ‘ಇಷ್ಟು ಕೇಳಿದ್ದಾರೆ’ ಎಂಬ ಸೂಚನೆ ಏಳುತ್ತದೆ. ಪಿನ್ ಒತ್ತಿದರೆ ಹಣ ಹೋಯಿತು. ಗೆಳೆಯರ ನಡುವೆ ಊಟದ ಖರ್ಚು ಹಂಚಿಕೊಳ್ಳಲು ಹುಟ್ಟಿದ ಸೌಲಭ್ಯ ಇದು. ಹಳೆಯ ಮಂಚ ಮಾರಲು ಜಾಹೀರಾತು ಹಾಕಿದವರಿಗೆ ‘ದುಡ್ಡು ಕಳಿಸಿದ್ದೇನೆ, ಒಪ್ಪಿಗೆ ಒತ್ತಿ’ ಎಂದು ಹೇಳಿ ಅವರ ಖಾತೆಯನ್ನೇ ಬರಿದುಮಾಡುವವರ ಕೈಗೆ ಅದು ಬಹುಬೇಗ ಸಿಕ್ಕಿತು. ವ್ಯಕ್ತಿಗಳ ನಡುವಿನ ಕೋರಿಕೆಗೆ ₹2,000 ಮಿತಿ ಹಾಕಿ ನೋಡಿದರೂ ಸಾಲದೆ, 2025ರ ಅಕ್ಟೋಬರ್ 1ರಿಂದ ಎನ್‌ಪಿಸಿಐ ಅದನ್ನು ನಿಲ್ಲಿಸಿಬಿಟ್ಟಿತು. ಹೀಗಾಗಿ ಖಜಾಂಚಿ ತನ್ನ ಸ್ವಂತ ಆ್ಯಪಿನಿಂದ 48 ಮನೆಗೆ ಕೋರಿಕೆ ಕಳಿಸುವ ದಾರಿ ಈಗ ಮುಚ್ಚಿದೆ. ಮುಚ್ಚಿದ್ದೇ ಒಳ್ಳೆಯದಾಯಿತು; ಸೊಸೈಟಿಯ ಹಣ ಖಜಾಂಚಿಯ ಸ್ವಂತ ಖಾತೆಗೆ ಬೀಳುವ ಅಭ್ಯಾಸವೇ ಸರಿಯಲ್ಲ.

ಎರಡು, ಮೇಲೆ ತೋರಿಸಿದ `upi://` ಸಾಲು. ಇದನ್ನು ಯಾರು ಬೇಕಾದರೂ ಬರೆಯಬಹುದು, ಖರ್ಚೇನೂ ಇಲ್ಲ. ಮುಟ್ಟಿದರೆ ಫೋನಿನ ಪಾವತಿ ಆ್ಯಪ್ ತೆರೆದು ಮೊತ್ತ ತುಂಬಿಕೊಳ್ಳುತ್ತದೆ. ಕೇಳಲು ಸೊಗಸು, ಬಳಸಲು ಹೊರಟರೆ ಕಾಲಿಗೆ ತೊಡರುವ ಕಲ್ಲುಗಳು ಬೇಕಾದಷ್ಟು. ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೆ ಅದು ಮುಟ್ಟುವಂಥ ನೀಲಿ ಲಿಂಕಾಗದೆ ಬರೀ ಅಕ್ಷರವಾಗಿ ಬಿದ್ದಿರುತ್ತದೆ. ಆಂಡ್ರಾಯ್ಡ್ ಫೋನು ಯಾವ ಆ್ಯಪಿನಲ್ಲಿ ತೆರೆಯಲಿ ಎಂದು ಕೇಳುತ್ತದೆ, ಐಫೋನು ಕೇಳದೆ ತನಗೆ ತೋಚಿದ್ದನ್ನು ತೆರೆಯುತ್ತದೆ. ವ್ಯಾಪಾರಿ ಖಾತೆಯಾಗಿ ನೋಂದಾಯಿಸದ ಸಾಮಾನ್ಯ ವಿಳಾಸಕ್ಕೆ ಇಂಥ ಲಿಂಕಿನ ಮೂಲಕ ಹಣ ಹಾಕಲು ಹೋದರೆ ಕೆಲವು ಆ್ಯಪ್‌ಗಳು ಭದ್ರತೆಯ ಕಾರಣ ಹೇಳಿ, ಇಲ್ಲವೇ ಮಿತಿ ಮೀರಿದೆ ಎಂಬ ದಾರಿತಪ್ಪಿಸುವ ಕಾರಣ ಕೊಟ್ಟು, ತಿರಸ್ಕರಿಸುತ್ತವೆ. ಇನ್ನೂ ಮುಖ್ಯವಾದ ಮಾತು: ಸಾಲಿನಲ್ಲಿ 2350 ಇದ್ದದ್ದನ್ನು 235 ಎಂದು ಯಾರಾದರೂ ತಿದ್ದಿದರೆ ₹235 ಹೋಗುತ್ತದೆ, ತಡೆಯುವವರಿಲ್ಲ. ತಿದ್ದದಂತೆ ಡಿಜಿಟಲ್ ಸಹಿ ಹಾಕುವ ಏರ್ಪಾಡು 2018ರ ಆಗಸ್ಟ್‌ನಲ್ಲಿ ಯುಪಿಐ 2.0 ಜೊತೆಗೆ ಬಂತು, ಆದರೆ ಆ ಸಹಿ ಸಿಗುವುದು ಬ್ಯಾಂಕಿನ ಮೂಲಕ ಬಂದ ವ್ಯಾಪಾರಿಗಳಿಗೆ.

ಮೂರು, ಪಾವತಿ ಕಂಪನಿಗಳು ಕೊಡುವ `https://` ಲಿಂಕು. ಶಾಲೆಯ ಶುಲ್ಕ, ವಿಮೆಯ ಕಂತಿಗಾಗಿ ಎಸ್‌ಎಂಎಸ್‌ನಲ್ಲಿ ಬರುವುದು ಹೆಚ್ಚಾಗಿ ಇದೇ. ಮುಟ್ಟಿದರೆ ಒಂದು ಪುಟ ತೆರೆಯುತ್ತದೆ: ಸೊಸೈಟಿಯ ಹೆಸರು, ಮನೆ ನಂಬರು, ತಿಂಗಳು, ಮೊತ್ತ. ಇಲ್ಲಿ ಮೊತ್ತ ಲಿಂಕಿನಲ್ಲಿಲ್ಲ, ಕಂಪನಿಯ ಸರ್ವರಿನಲ್ಲಿದೆ. ಆದ್ದರಿಂದ ಲಿಂಕನ್ನು ತಿದ್ದಿ ಪ್ರಯೋಜನವಿಲ್ಲ. ಒಮ್ಮೆ ಕಟ್ಟಿದ ಮೇಲೆ ಪುಟ ‘ಪಾವತಿಯಾಗಿದೆ’ ಎನ್ನುತ್ತದೆ, ಎರಡನೇ ಸಲ ತೆಗೆದುಕೊಳ್ಳುವುದಿಲ್ಲ. ಗಡುವು ಹಾಕಬಹುದು, ಗಡುವಿನ ನಂತರ ಲಿಂಕು ಸತ್ತುಹೋಗುತ್ತದೆ. ಯಾವ ಮನೆ ಕಟ್ಟಿದೆ, ಯಾವುದು ಬಾಕಿ ಎಂಬ ಪಟ್ಟಿ ತಾನೇ ತಯಾರಾಗಿರುತ್ತದೆ. ಖಜಾಂಚಿಯ ಭಾನುವಾರ ಮರಳಿ ಸಿಗುವುದು ಈ ಮೂರನೆಯದರಲ್ಲಿ.

ಅದಕ್ಕೊಂದು ಬೆಲೆ ಇದೆ. 2020ರ ಜನವರಿ 1ರಿಂದ ಯುಪಿಐ ವ್ಯವಹಾರಕ್ಕೆ ವ್ಯಾಪಾರಿಗಳಿಂದ ಬ್ಯಾಂಕು ಕಮಿಷನ್ ಪಡೆಯುವಂತಿಲ್ಲ. ಆದರೆ ಲಿಂಕು ಮಾಡಿಕೊಟ್ಟು ಲೆಕ್ಕ ಇಡುವ ಕಂಪನಿ ತನ್ನ ಸೇವೆಗೆ ಬೇರೆ ಶುಲ್ಕ ಕೇಳಬಹುದು, ಅದು ಒಪ್ಪಂದಕ್ಕೆ ತಕ್ಕಂತೆ. ಶೇ. 2 ಎಂದಿಟ್ಟುಕೊಂಡರೆ ನಮ್ಮ ಸೊಸೈಟಿಯ ₹1,15,500ಕ್ಕೆ ₹2,310, ಅದರ ಮೇಲೆ ಶೇ. 18 ಜಿಎಸ್‌ಟಿ ₹415.80, ಒಟ್ಟು ₹2,725.80. ಅಂದರೆ ಪ್ರತಿ ತಿಂಗಳೂ ಒಂದು ಮನೆಯ ಮೇಂಟೆನೆನ್ಸಿಗಿಂತ ಹೆಚ್ಚು ಹಣ ಲಿಂಕಿಗೇ ಹೋಯಿತು. ವಾರ್ಷಿಕ ಸಭೆಯಲ್ಲಿ ಇದನ್ನು ಮಂಡಿಸಿ ಒಪ್ಪಿಸಿಕೊಳ್ಳುವ ಖಜಾಂಚಿಗೆ ಗಟ್ಟಿ ಗಂಟಲು ಬೇಕು. ಮೇಲಾಗಿ ಹಣ ಅದೇ ಕ್ಷಣ ಸೊಸೈಟಿಯ ಖಾತೆಗೆ ಬೀಳುವುದಿಲ್ಲ, ಕಂಪನಿಯಲ್ಲಿ ನಿಂತು ಒಂದೆರಡು ಕೆಲಸದ ದಿನಗಳ ಮೇಲೆ ಶುಲ್ಕ ಕಳೆದು ಒಟ್ಟಾಗಿ ಬರುತ್ತದೆ. ಬೋರ್ಡಿನ ಕೋಡಿಗೆ ಹಾಕಿದ್ದಾದರೆ ಮರುಕ್ಷಣವೇ ಖಾತೆಯಲ್ಲಿ. ನೇರವಾಗಿ ಬ್ಯಾಂಕಿನಿಂದಲೇ ವ್ಯಾಪಾರಿ ಖಾತೆ ಪಡೆದು ಮನೆಗೊಂದು ಕೋಡ್ ಮಾಡಿಸಿಕೊಂಡರೆ ಶುಲ್ಕ ಕಡಿಮೆಯಾಗಬಹುದು. ಅದಕ್ಕೆ ನೋಂದಣಿ ಪತ್ರ, ಪ್ಯಾನ್, ಸಮಿತಿಯ ಠರಾವು ಎಲ್ಲ ಸರಿಯಾಗಿರಬೇಕು.

ಹಾಗಿದ್ದೂ ಲಿಂಕಿನ ಕಡೆ ತಕ್ಕಡಿ ವಾಲಿಸುವ ಒಂದು ಸಂಗತಿ ಇದೆ: ದೂರ. ಬದಲಾಪುರದ ಮನೆ ಬಾಡಿಗೆಗೆ ಕೊಟ್ಟು ನಿವೃತ್ತಿಯ ನಂತರ ಉಡುಪಿಗೋ ಕುಂದಾಪುರಕ್ಕೋ ಮರಳಿದ ಮಾಲೀಕರು ನೋಟಿಸ್ ಬೋರ್ಡಿನ ಮುಂದೆ ಬಂದು ನಿಲ್ಲುವಂತಿಲ್ಲ. ಯಾರೋ ಕೋಡಿನ ಫೋಟೊ ತೆಗೆದು ಕಳಿಸುತ್ತಾರೆ. ಅದನ್ನು ಗ್ಯಾಲರಿಯಿಂದ ಆ್ಯಪಿಗೆ ತೋರಿಸಿ ₹2,500 ಎಂದು ಒತ್ತಿದರೆ ಹಲವು ಆ್ಯಪ್‌ಗಳು ತಡೆಯುತ್ತವೆ, ಹೀಗೆ ಫೋಟೊದಿಂದ ಓದಿದ ಕೋಡಿಗೆ ₹2,000 ದಾಟುವಂತಿಲ್ಲ ಎನ್ನುತ್ತವೆ. ಮೋಸಗಾರರು ಕೋಡಿನ ಚಿತ್ರ ಕಳಿಸಿ ಹಣ ಸೆಳೆಯುತ್ತಿದ್ದರಿಂದ ಬಂದ ಕಡಿವಾಣ ಇದು, ಆದರೆ ಪೆಟ್ಟು ಬಿದ್ದಿದ್ದು ಕುಂದಾಪುರದ ಸಂಭಾವಿತ ಮಾಲೀಕರಿಗೆ. ಅವರು ಮನೆಯ ಇನ್ನೊಂದು ಫೋನಿನಲ್ಲಿ ಫೋಟೊ ತೆರೆದು ತಮ್ಮ ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿ ಗೆಲ್ಲುತ್ತಾರೆ. ಕಂಪನಿಯ ಲಿಂಕಿಗಾದರೆ ಈ ಸರ್ಕಸ್ಸು ಬೇಕಿಲ್ಲ. ಮಸ್ಕತ್ತಿನಲ್ಲಿರುವ ಮಗನಿಗೂ ಅದನ್ನೇ ದಾಟಿಸಬಹುದು. ಒಮಾನ್ ಸೇರಿದಂತೆ ಹತ್ತು ದೇಶಗಳ ಮೊಬೈಲ್ ನಂಬರನ್ನು ಅನಿವಾಸಿ ಖಾತೆಗೆ ಜೋಡಿಸಿ ಯುಪಿಐ ಬಳಸಲು 2023ರ ಜನವರಿಯಲ್ಲಿ ಅನುಮತಿ ಸಿಕ್ಕಿದೆ.

ದಾಟಿಸಬಹುದು ಎಂಬ ಇದೇ ಗುಣ ಒಂದು ಹೊಸ ತಪ್ಪನ್ನೂ ಹುಟ್ಟಿಸುತ್ತದೆ, ಬೋರ್ಡಿನ ಕೋಡಿನಲ್ಲಿ ಆಗಲು ಸಾಧ್ಯವೇ ಇಲ್ಲದ ತಪ್ಪು. ಬಿ-203ರವರು ತಮಗೆ ಬಂದ ಲಿಂಕನ್ನು ‘ಇದರಲ್ಲಿ ಕಟ್ಟಿ, ಸುಲಭ’ ಎಂದು ಗುಂಪಿಗೆ ಹಾಕುತ್ತಾರೆ. ಬಿ-204ರವರು ಅದನ್ನೇ ಮುಟ್ಟಿ ಕಟ್ಟುತ್ತಾರೆ. ಮೊತ್ತ ಇಬ್ಬರಿಗೂ ₹2,350, ಸೊಸೈಟಿಯ ಹೆಸರೂ ಸರಿ, ಅನುಮಾನಕ್ಕೆ ಎಡೆಯೇ ಇಲ್ಲ. ತಿಂಗಳ ಕೊನೆಗೆ ನೋಡಿದರೆ 203ರವರು ಬಿಡಿಗಾಸೂ ಬಿಚ್ಚದೆ ಋಣಮುಕ್ತರು, ಕಟ್ಟಿದ 204ರವರಿಗೆ ಬಾಕಿಯ ನೋಟಿಸು. ಕಂಡುಹಿಡಿಯುವ ಗುರುತು ಎರಡು: ಪುಟದಲ್ಲಿ ಬರೆದಿರುವ ಮನೆ ನಂಬರು, ಮತ್ತು ತಾವಿನ್ನೂ ಕಟ್ಟದಿದ್ದರೂ ‘ಪಾವತಿಯಾಗಿದೆ’ ಎನ್ನುವ ಲಿಂಕು. ಆದ್ದರಿಂದ ಲಿಂಕನ್ನು ಗುಂಪಿಗೆ ಹಾಕದೆ ಒಬ್ಬೊಬ್ಬರಿಗೇ ಕಳಿಸುವುದು ವಾಸಿ.

ಮೊತ್ತ ಮುಂಚೆಯೇ ಬರೆದಿಟ್ಟರೆ ಅದು ಹಳತಾಗುವ ಸಮಸ್ಯೆಯೂ ಉಂಟು. ಮನೆಮನೆಗೂ ₹2,350ರ ಕೋಡ್ ಅಚ್ಚು ಹಾಕಿಸಿ ಫ್ರಿಜ್ಜಿನ ಮೇಲೆ ಅಂಟಿಸಿಕೊಳ್ಳಿ ಎಂದು ಕೊಟ್ಟರೆ, ಮುಂದಿನ ವರ್ಷ ದರ ₹2,600 ಆದಾಗ ಹಳೆಯ ಕೋಡ್ ಹಳೆಯ ದರವನ್ನೇ ಕಟ್ಟಿಸುತ್ತಿರುತ್ತದೆ. ತಡವಾದರೆ ಬಡ್ಡಿಯದು ಇನ್ನೊಂದು ಕತೆ. ಸೊಸೈಟಿಗಳ ಮಾದರಿ ಉಪವಿಧಿಯಲ್ಲಿ ಬಾಕಿಗೆ ವರ್ಷಕ್ಕೆ ಶೇ. 21ರವರೆಗೆ ಸರಳ ಬಡ್ಡಿಗೆ ಅವಕಾಶವಿದೆ. ₹2,350ಕ್ಕೆ ಒಂದು ತಿಂಗಳಿಗೆ ಅದು ₹41. ತಿಂಗಳ ಮೊದಲ ದಿನ ಕಳಿಸಿದ ಲಿಂಕಿಗೆ ಈ ₹41ರ ಅರಿವಿರುವುದಿಲ್ಲ. ವಿದ್ಯುತ್ ಬಿಲ್ಲು ನೋಡಿದವರಿಗೆ ಇದು ಬೇಗ ಅರ್ಥವಾದೀತು. ಮಹಾವಿತರಣದ ಬಿಲ್ಲಿನಲ್ಲಿ ಬೇಗ ಕಟ್ಟಿದರೆ ಒಂದು ಮೊತ್ತ, ಗಡುವಿನೊಳಗೆ ಇನ್ನೊಂದು, ಗಡುವು ದಾಟಿದರೆ ಮತ್ತೊಂದು ಇರುತ್ತದೆ. ಆ್ಯಪಿನಲ್ಲಿ ಗ್ರಾಹಕ ಸಂಖ್ಯೆ ಹಾಕಿ ಕಟ್ಟುವಾಗ ಮೊತ್ತ ಕಂಪನಿಯಿಂದ ಆ ಹೊತ್ತಿಗೆ ಬರುತ್ತದೆ, ಕಾಗದದಲ್ಲಿ ಅಚ್ಚಾದದ್ದನ್ನು ನಂಬಿ ಕೂರಬೇಕಿಲ್ಲ.

2020ರ ನವೆಂಬರ್‌ನಲ್ಲಿ ಪಿಕ್ಸ್ ಎಂಬ ಪಾವತಿ ವ್ಯವಸ್ಥೆ ತೆರೆದ ಬ್ರೆಜಿಲಿನ ಕೇಂದ್ರ ಬ್ಯಾಂಕು ಇದನ್ನು ಬುಡದಲ್ಲೇ ಯೋಚಿಸಿತು. ಅಲ್ಲಿನ ಗಡುವಿರುವ ಬಿಲ್ಲಿನ ಕೋಡಿನಲ್ಲಿ ಒಂದು ವಿಳಾಸವಿರುತ್ತದೆ. ಸ್ಕ್ಯಾನ್ ಮಾಡಿದ ಗಳಿಗೆಯಲ್ಲಿ ಕಟ್ಟುವವರ ಬ್ಯಾಂಕು ಆ ವಿಳಾಸಕ್ಕೆ ಹೋಗಿ ಇವತ್ತಿನ ಮೊತ್ತ ಎಷ್ಟು, ರಿಯಾಯಿತಿ ಉಂಟೇ, ಬಡ್ಡಿ ಸೇರಿತೇ ಎಂದು ಕೇಳಿ ತರುತ್ತದೆ. ಕಾಗದ ಹಳತಾದರೂ ಮೊತ್ತ ಹಳತಾಗುವುದಿಲ್ಲ.

ಇನ್ನು ಮೊತ್ತ ಬರೆಯುವ ಹಕ್ಕು ಕೊಡುವವರಲ್ಲೇ ಇರಬೇಕಾದ ಸಂದರ್ಭಗಳೂ ಇವೆ. ಡೊಂಬಿವಲಿಯ ಕರ್ನಾಟಕ ಸಂಘದಂಥ ದೊಡ್ಡ ಸಂಸ್ಥೆಯಿರಲಿ, ಶನಿವಾರ ಸೇರುವ ನಾಲ್ಕು ಮನೆಯ ಭಜನಾ ಮಂಡಳಿಯಿರಲಿ, ಸದಸ್ಯತ್ವದ ಚಂದಾ ಬೇರೆ, ದೇಣಿಗೆ ಬೇರೆ. ಚಂದಾ ಎಲ್ಲರಿಗೂ ಒಂದೇ, ಲಿಂಕಿಗೆ ಹೇಳಿ ಮಾಡಿಸಿದಂಥದು. ದೇಣಿಗೆಯನ್ನು ₹501 ಕೊಡಬೇಕೋ ₹1,001 ಕೊಡಬೇಕೋ ಎಂಬುದು ಕೊಡುವವರ ಮನಸ್ಸು, ಆ ಕೊನೆಯ ಒಂದು ರೂಪಾಯಿಯೂ ಅವರದೇ. ಅಂಕಿ ಬೀಗ ಹಾಕಿದ ಲಿಂಕು ಕಳಿಸಿದರೆ ಕೈ ಒಡ್ಡಿದಂತಲ್ಲ, ಬಿಲ್ಲು ಕೊಟ್ಟಂತಾಗುತ್ತದೆ. ಕನಿಷ್ಠ ಇಷ್ಟು, ಮೇಲೆ ನಿಮ್ಮಿಷ್ಟ ಎನ್ನಲು `mam` ಎಂಬ ಜಾಗವೂ ಯುಪಿಐ ನಿಯಮದಲ್ಲಿದೆ, ಆದರೆ ಎಲ್ಲ ಆ್ಯಪ್‌ಗಳೂ ಅದನ್ನು ಒಂದೇ ರೀತಿ ಪಾಲಿಸುತ್ತವೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಗಣಪತಿಯ ವರ್ಗಣಿಗೆ ಮಂಟಪದ ಕಂಬದ ಮೇಲಿನ ಖಾಲಿ ಮೊತ್ತದ ಕೋಡೇ ಸೈ.

ಮೋಸದ ವಿಚಾರದಲ್ಲಿ ಎರಡೂ ದಾರಿಗಳ ಅಪಾಯ ಬೇರೆ ಬೇರೆ ಕಡೆ ಕೂತಿದೆ. ಸ್ಕ್ಯಾನ್ ಮಾಡಿ ಒತ್ತುವಾಗ ಗಮನವೆಲ್ಲ ಅಂಕಿಯ ಮೇಲೆ. ಸೊನ್ನೆ ಹೆಚ್ಚಾಗಿ ₹2,350 ಹೋಗಿ ₹23,500 ಆದರೆ ಅದನ್ನು ಒತ್ತಿ ಹಿಂದಕ್ಕೆ ಕರೆಯುವ ಗುಂಡಿ ಯುಪಿಐಯಲ್ಲಿಲ್ಲ, ಪಡೆದವರೇ ಮರಳಿಸಬೇಕು. ಸೊಸೈಟಿಯಾದರೆ ಮುಂದಿನ ತಿಂಗಳುಗಳಿಗೆ ಹೊಂದಿಸಿಕೊಂಡಾರು, ಅಪರಿಚಿತರಾದರೆ ಬ್ಯಾಂಕಿಗೆ ದೂರು ಕೊಟ್ಟು ಕಾಯಬೇಕು. ಸ್ಟಿಕ್ಕರನ್ನೇ ಬದಲಿಸುವ ಕಳ್ಳರೂ ಇದ್ದಾರೆ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ರಾತ್ರೋರಾತ್ರಿ ಕೆಲವು ಅಂಗಡಿಗಳ ಕೋಡಿನ ಮೇಲೆ ತಮ್ಮ ಕೋಡ್ ಅಂಟಿಸಿಹೋದ ಪ್ರಕರಣ ಸುದ್ದಿಯಾಗಿತ್ತು. ಗಿರಾಕಿಗಳು ಕೊಡುತ್ತಲೇ ಇದ್ದರು, ಅಂಗಡಿಯವರಿಗೆ ಬರುತ್ತಿರಲಿಲ್ಲ.

ಮೊತ್ತ ತುಂಬಿ ಬಂದ ಲಿಂಕಿನಲ್ಲಿ ಅಂಕಿ ತಪ್ಪುವ ಭಯವಿಲ್ಲ, ಆ ನೆಮ್ಮದಿಯಲ್ಲೇ ಕಣ್ಣು ಹೆಸರಿನ ಮೇಲಿಂದಲೂ ಜಾರಿಬಿಡುತ್ತದೆ. ಬಾಕಿ ಇರುವುದು ₹2,350 ಎಂದು ಗೊತ್ತಿರುವ ಯಾರಾದರೂ, ಅದು ನೋಟಿಸ್ ಬೋರ್ಡಿನಲ್ಲೇ ಇರುತ್ತದೆ, ಅದೇ ಮೊತ್ತದ ಲಿಂಕನ್ನು ತನ್ನ ವಿಳಾಸಕ್ಕೆ ಮಾಡಿ ಕಳಿಸಬಹುದು. `pn` ಜಾಗದಲ್ಲಿ ಸೊಸೈಟಿಯ ಹೆಸರನ್ನೇ ಬರೆಯಬಹುದು. ಇದಕ್ಕೆ 2025ರ ಜೂನ್ 30ರೊಳಗೆ ಒಂದು ಬೇಲಿ ಬಂತು: ಲಿಂಕಿನಲ್ಲೋ ಕೋಡಿನಲ್ಲೋ ಬರೆದ ಹೆಸರನ್ನು ಬಿಟ್ಟು, ಹಣ ಸೇರುವ ಖಾತೆಯ ಹೆಸರು ಬ್ಯಾಂಕಿನ ದಾಖಲೆಯಲ್ಲಿ ಹೇಗಿದೆಯೋ ಅದನ್ನೇ ಆ್ಯಪ್ ತೋರಿಸಬೇಕು ಎಂದು ಎನ್‌ಪಿಸಿಐ ಆದೇಶಿಸಿತು. ಪಿನ್ ಒತ್ತುವ ಮುಂಚೆ ಬರುವ ಆ ಹೆಸರು ಓದುವುದೇ ಇಲ್ಲಿ ಮಾಡಬೇಕಾದ ಪರೀಕ್ಷೆ. ಕಂಪನಿಯ ಲಿಂಕಿನಲ್ಲಿ ಕೆಲವೊಮ್ಮೆ ಸೊಸೈಟಿಯ ಬದಲು ಪಾವತಿ ಕಂಪನಿಯ ಹೆಸರು ಕಾಣುವುದುಂಟು. ಹಾಗಿದ್ದರೆ ಅದನ್ನು ಸಮಿತಿಯೇ ಮೊದಲು ಬರೆದು ತಿಳಿಸಿರಬೇಕು, ಇಲ್ಲವಾದರೆ ಎಚ್ಚರದ ಸದಸ್ಯರು ಕಟ್ಟದೆ ಕೂತರೆ ತಪ್ಪು ಅವರದಲ್ಲ.

ನಡುವೆ ಸಿಕ್ಕಿಕೊಂಡ ಪಾವತಿಯ ವಿಷಯ ಬೇಗ ಹೇಳಿ ಮುಗಿಸಬಹುದು. ಖಾತೆಯಿಂದ ಹೋಯಿತು, ಅತ್ತ ತಲುಪಿಲ್ಲ, ಆ್ಯಪ್ ‘ನಡೆಯುತ್ತಿದೆ’ ಎನ್ನುತ್ತಿದೆ. ಬೋರ್ಡಿನ ಕೋಡಾದರೆ ಜನ ಗಾಬರಿಯಲ್ಲಿ ಇನ್ನೊಮ್ಮೆ ಹಾಕುತ್ತಾರೆ, ಕೊನೆಗೆ ಎರಡೂ ತಲುಪುತ್ತವೆ, ಸೊಸೈಟಿಗೆ ಅವೆರಡೂ ಒಂದೇ ಮನೆಯವೆಂದು ಗೊತ್ತಾಗುವುದಿಲ್ಲ. ಲಿಂಕಿನಲ್ಲಿ ಗುರುತು ಒಂದೇ ಇರುವುದರಿಂದ ಎರಡನೆಯದು ಕಣ್ಣಿಗೆ ಬೀಳುತ್ತದೆ. ವಾಪಸಾತಿಗೆ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆ ಗಡುವು ಹಾಕಿದೆ: ಖಾತೆಯಿಂದ ಖಾತೆಗೆ ಕಳಿಸಿ ತಲುಪದಿದ್ದರೆ ವ್ಯವಹಾರದ ಮರುದಿನದೊಳಗೆ, ವ್ಯಾಪಾರಿಗೆ ಕಟ್ಟಿ ಖಾತ್ರಿಯಾಗದಿದ್ದರೆ ಐದು ದಿನದೊಳಗೆ. ತಪ್ಪಿದರೆ ದಿನಕ್ಕೆ ₹100 ಪರಿಹಾರ. ಸೊಸೈಟಿ ತನ್ನನ್ನು ವ್ಯಾಪಾರಿ ಎಂದು ನೋಂದಾಯಿಸಿಕೊಂಡರೆ ಸದಸ್ಯರು ಎರಡನೇ ಸಾಲಿಗೆ ಬೀಳುತ್ತಾರೆ, ಅಷ್ಟು ಕಾಯಬೇಕು.

48 ಮನೆಗೂ ಲಿಂಕು ಕಳಿಸುವ ಮೊದಲು ಸಮಿತಿ ಮಾಡಬಹುದಾದ ಪರೀಕ್ಷೆ ಚಿಕ್ಕದು. ಸಮಿತಿಯ ಮೂವರು ತಮ್ಮ ತಮ್ಮ ಮನೆಯ ಲಿಂಕಿಗೆ ಮೂರು ಬೇರೆ ಆ್ಯಪ್‌ಗಳಿಂದ ನಿಜವಾದ ಮೇಂಟೆನೆನ್ಸ್ ಕಟ್ಟಬೇಕು, ಅವರಲ್ಲೊಬ್ಬರು ಐಫೋನಿನಿಂದ. ಒಬ್ಬರು ಬೇಕೆಂದೇ ಮನೆಯವರಲ್ಲದ ಬೇರೊಬ್ಬರ ಖಾತೆಯಿಂದ ಕಟ್ಟಲಿ. ಆಮೇಲೆ ಖಜಾಂಚಿ ಸದಸ್ಯರ ಫೋನು ನೋಡದೆ, ಸ್ಕ್ರೀನ್‌ಶಾಟ್ ಕೇಳದೆ, ಸೊಸೈಟಿಯ ಕಡೆಯ ಸ್ಟೇಟ್‌ಮೆಂಟನ್ನೋ ಕಂಪನಿಯ ಪಟ್ಟಿಯನ್ನೋ ಮಾತ್ರ ಹಿಡಿದು ಮೂರೂ ಮನೆಗಳನ್ನು ಗುರುತಿಸಬೇಕು. ಗುರುತಿನ ಸಂಖ್ಯೆ ಅಲ್ಲಿ ಕಂಡರೆ ಶೇ. 2 ಕೊಡುವ ವಿಚಾರ ಸಭೆಯ ಮುಂದಿಡಬಹುದು. ಮೊತ್ತ ಮಾತ್ರ ಬಂದು ಸಂಖ್ಯೆ ದಾರಿಯಲ್ಲೆಲ್ಲೋ ಉದುರಿದ್ದರೆ ಆ ಲಿಂಕು ಸದಸ್ಯರಿಗೆ ನಾಲ್ಕು ಅಂಕಿ ಒತ್ತುವ ಕೆಲಸ ಉಳಿಸಿತೇ ಹೊರತು ಖಜಾಂಚಿಗೆ ಏನನ್ನೂ ಉಳಿಸಲಿಲ್ಲ. ಆಗ ಪೈಸೆ ಸಮೇತ ತುಂಬಿದ ಕೋಡನ್ನು ಮನೆಗೊಂದರಂತೆ ಕೊಟ್ಟು ಪೈಸೆಯ ಲೆಕ್ಕಕ್ಕೆ ಮರಳುವುದು ಅಗ್ಗ.